ಕಾಲು ಊದಿದ ರೋಗಿಯ ಕುತ್ತಿಗೆಯನ್ನು ನೋಡುವುದು ಹೇಗೆ?

ಎರಡೂ ಕಾಲು ಊದಿಕೊಂಡಿರುವ ರೋಗಿಯನ್ನು ಕಂಡ ಕೂಡಲೇ ಕೇಸ್ ಶೀಟಿನಲ್ಲಿ ‘ಬಲಭಾಗದ ಹೃದಯ ವೈಫಲ್ಯ’ ಎಂದು ಬರೆದುಬಿಡುವ ವಿದ್ಯಾರ್ಥಿಗಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಮೂತ್ರಪಿಂಡದಿಂದ ಪ್ರೋಟೀನ್ ಸೋರಿಹೋದರೂ, ಯಕೃತ್ತು ಗಟ್ಟಿಯಾದರೂ, ರಕ್ತದೊತ್ತಡಕ್ಕೆಂದು ನುಂಗುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕಾಲು ಊದುತ್ತದೆ. ಇವುಗಳ ನಡುವೆ ಹೃದಯದ ಪಾತ್ರವೇನೆಂದು ಹಾಸಿಗೆಯ ಪಕ್ಕದಲ್ಲೇ ತಿಳಿಯಬೇಕಾದರೆ ಕುತ್ತಿಗೆಯ ಜುಗುಲಾರ್ ಅಭಿಧಮನಿಯಲ್ಲಿನ ಒತ್ತಡವನ್ನು, ಅಂದರೆ ಜೆವಿಪಿಯನ್ನು, ನೋಡಲೇಬೇಕು.

ಮೊದಲು ಕಾಲನ್ನು ಪರೀಕ್ಷಿಸಿ. ನೋವಿದೆಯೇ ಎಂದು ಕೇಳಿಕೊಂಡು, ಕಣಕಾಲಿನ ಗಂಟಿಗಿಂತ ಸ್ವಲ್ಪ ಮೇಲೆ, ಮುಂಗಾಲಿನ ಮೂಳೆಯ ಒಳಬದಿಯಲ್ಲಿ ಹೆಬ್ಬೆರಳನ್ನಿಟ್ಟು ಹತ್ತು ಹದಿನೈದು ಸೆಕೆಂಡು ಒಂದೇ ಸಮನೆ ಒತ್ತಿರಿ. ಬೆರಳು ತೆಗೆದ ಮೇಲೆ ಗುಳಿ ಕಣ್ಣಿಗೆ ಕಾಣದಿದ್ದರೆ ಬೆರಳ ತುದಿಯನ್ನು ಮೆಲ್ಲಗೆ ಸವರಿ ನೋಡಿ. ಸಣ್ಣ ಗುಳಿ ಸ್ಪರ್ಶಕ್ಕೆ ಸಿಗುತ್ತದೆ. ಹಾಸಿಗೆ ಹಿಡಿದವರಲ್ಲಿ ನೀರು ಸೊಂಟದ ಕೆಳಭಾಗಕ್ಕೆ ಇಳಿದಿರುವುದರಿಂದ ಅಲ್ಲಿಯೂ ಒತ್ತಿ ನೋಡಬೇಕು. ದೇಹದಲ್ಲಿ ಕೆಲವು ಲೀಟರ್ ನೀರು ಹೆಚ್ಚುವರಿಯಾಗಿ ಸೇರುವವರೆಗೂ ಗುಳಿ ಮೂಡುವುದಿಲ್ಲವಾದ್ದರಿಂದ, ಗುಳಿ ಇಲ್ಲವೆಂಬ ಕಾರಣಕ್ಕೆ ಹೃದಯ ವೈಫಲ್ಯವಿಲ್ಲ ಎನ್ನುವಂತಿಲ್ಲ.

ಈಗ ಕುತ್ತಿಗೆಗೆ ಬನ್ನಿ. ಬಲಗಡೆಯ ಇಂಟರ್ನಲ್ ಜುಗುಲಾರ್ ಅಭಿಧಮನಿ ಬಲ ಹೃತ್ಕರ್ಣಕ್ಕೆ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ, ಅದರಲ್ಲಿ ನಿಂತ ರಕ್ತದ ಮಟ್ಟವು ಹೃತ್ಕರ್ಣದ ಒತ್ತಡವನ್ನು ಕೊಳವೆಯಲ್ಲಿ ನಿಂತ ನೀರಿನಂತೆ ತೋರಿಸುತ್ತದೆ. ರೋಗಿಯನ್ನು 45 ಡಿಗ್ರಿಗೆ ಒರಗಿಸಿ, ತಲೆಯ ಕೆಳಗೆ ದಿಂಬು ಕೊಟ್ಟು ಕುತ್ತಿಗೆಯ ಸ್ನಾಯು ಸಡಿಲವಾಗುವಂತೆ ಮಾಡಿ, ಮುಖವನ್ನು ತುಸುವೇ ಎಡಕ್ಕೆ ತಿರುಗಿಸಿ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಚರ್ಮದ ಮೇಲಿನ ಅಲೆಯಾಟವು ನೆರಳಾಗಿ ಕಾಣುತ್ತದೆ.

ಕಂಡ ಮಿಡಿತ ಅಭಿಧಮನಿಯದೋ ಕೆರೋಟಿಡ್ ಧಮನಿಯದೋ ಎಂಬುದರಲ್ಲೇ ಬಹಳಷ್ಟು ಮಂದಿ ಎಡವುತ್ತಾರೆ. ಅಭಿಧಮನಿಯ ಮಿಡಿತವು ಸಾಮಾನ್ಯವಾಗಿ ಒಂದು ಹೃದಯಬಡಿತಕ್ಕೆ ಎರಡು ಬಾರಿ ಅಲೆಯಂತೆ ಏರಿಳಿಯುತ್ತದೆ, ಬೆರಳಿಗೆ ತಟ್ಟುವುದಿಲ್ಲ, ಕುತ್ತಿಗೆಯ ಬುಡದಲ್ಲಿ ಹಗುರವಾಗಿ ಒತ್ತಿದರೆ ನಿಂತುಹೋಗುತ್ತದೆ. ರೋಗಿಯನ್ನು ಮೇಲೆತ್ತಿ ಕೂರಿಸಿದರೆ ಅದರ ಮಟ್ಟ ಕುತ್ತಿಗೆಯಲ್ಲಿ ಕೆಳಗಿಳಿಯುತ್ತದೆ. ಧಮನಿಯ ಮಿಡಿತ ಇದ್ದಲ್ಲೇ ಇರುತ್ತದೆ.

ಮಿಡಿತದ ಮೇಲ್ತುದಿ ಸಿಕ್ಕಮೇಲೆ ಎರಡನೆಯ ಪಕ್ಕೆಲುಬು ಕೂಡುವ ಉಬ್ಬನ್ನು, ಅಂದರೆ ಸ್ಟರ್ನಲ್ ಕೋನವನ್ನು, ಮುಟ್ಟಿ ಗುರುತಿಸಿ ಅದರ ಮೇಲೆ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ. ಮೇಲ್ತುದಿಯಿಂದ ನೆಲಕ್ಕೆ ಸಮಾನಾಂತರವಾಗಿ ಇನ್ನೊಂದು ಸ್ಕೇಲನ್ನು ಚಾಚಿ, ಎರಡೂ ಕೂಡುವಲ್ಲಿ ಸೆಂಟಿಮೀಟರ್ ಓದಿಕೊಳ್ಳಿ. ಕುತ್ತಿಗೆಯ ಉದ್ದಕ್ಕೆ ಅಳೆಯಬಾರದು, ನೇರ ಎತ್ತರವನ್ನೇ ಅಳೆಯಬೇಕು. 3 ಸೆಂ.ಮೀ. ದಾಟಿದರೆ ಹೆಚ್ಚಾಗಿದೆ ಎಂದರ್ಥ. ಹೃತ್ಕರ್ಣದ ನಡುಭಾಗವು ಆ ಕೋನಕ್ಕಿಂತ ಸುಮಾರು 5 ಸೆಂ.ಮೀ. ಕೆಳಗಿದೆಯೆಂದು ಲೆಕ್ಕ ಹಿಡಿಯುವುದರಿಂದ, ಓದಿದ ಎತ್ತರಕ್ಕೆ 5 ಕೂಡಿಸಿದರೆ ಒತ್ತಡ ಸಿಗುತ್ತದೆ.

ವಾರ್ಡಿನಲ್ಲಿ ನಾನು ಪಾಠಕ್ಕೆ ಆರಿಸಿಕೊಂಡ ರೋಗಿಯೊಬ್ಬರು ದಶಕಗಳ ಕಾಲ ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿ ಶ್ವಾಸಕೋಶವನ್ನು ಕೆಡಿಸಿಕೊಂಡಿದ್ದ, ಅರವತ್ತರ ಹತ್ತಿರದ ಹೆಂಗಸು. ಮೊಣಕಾಲಿನವರೆಗೂ ಊತವಿತ್ತು. ಪರೀಕ್ಷಿಸಿದ ವಿದ್ಯಾರ್ಥಿನಿ 45 ಡಿಗ್ರಿಯಲ್ಲಿ ಕುತ್ತಿಗೆಯನ್ನು ನೋಡಿ, “ಸರ್, ಮಿಡಿತವೇ ಕಾಣುತ್ತಿಲ್ಲ, ಜೆವಿಪಿ ಹೆಚ್ಚಾಗಿಲ್ಲ” ಎಂದಳು. ಆದರೆ ರೋಗಿಯ ಕಿವಿಯ ಹಾಲೆ ಮೆಲ್ಲಗೆ ಅಲುಗುತ್ತಿತ್ತು. “ಅಮ್ಮಾ, ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ” ಎಂದು ಕೂರಿಸಿದಾಗ, ದವಡೆಯ ಹಿಂದೆ ಅಡಗಿದ್ದ ಮೇಲ್ತುದಿ ಕುತ್ತಿಗೆಗೆ ಇಳಿದು ಬಂತು. ಅಳತೆ 10 ಸೆಂ.ಮೀ.; 5 ಕೂಡಿಸಿದರೆ 15 ಸೆಂ.ಮೀ. ನೀರಿನಷ್ಟು, ಅಂದರೆ ಪಾದರಸದ ಲೆಕ್ಕದಲ್ಲಿ ಸುಮಾರು 11 ಮಿ.ಮೀ. ಒತ್ತಡ. ಒಂದೇ ಕೋನದಲ್ಲಿ ನೋಡಿ ಕೈಬಿಟ್ಟಿದ್ದರೆ ಅತಿ ಹೆಚ್ಚಿನ ಒತ್ತಡವನ್ನೇ ಸಹಜವೆಂದು ಬರೆದಂತಾಗುತ್ತಿತ್ತು. ಒತ್ತಡ ಕಡಿಮೆಯಿರುವವರಲ್ಲಿ ಇದಕ್ಕೆ ವಿರುದ್ಧವಾಗಿ, ಮಿಡಿತ ಕಾಣಲು ಹಾಸಿಗೆಯ ತಲೆಭಾಗವನ್ನು ಇನ್ನಷ್ಟು ತಗ್ಗಿಸಬೇಕಾಗುತ್ತದೆ.

ಅನುಮಾನವಿದ್ದಾಗ ಹೊಟ್ಟೆಯ ನಡುವೆ ಅಂಗೈಯಿಟ್ಟು ಕನಿಷ್ಠ ಹತ್ತು ಸೆಕೆಂಡು ಸಮನಾಗಿ ಒತ್ತಿ, ರೋಗಿ ಉಸಿರು ಬಿಗಿಹಿಡಿಯದಂತೆ ನೋಡಿಕೊಳ್ಳಿ. ಸಹಜ ಹೃದಯದಲ್ಲಿ ಮಟ್ಟ ಏರಿ ಬೇಗ ಇಳಿಯುತ್ತದೆ. ಸೋತ ಹೃದಯದಲ್ಲಿ ಒತ್ತಿರುವಷ್ಟು ಹೊತ್ತೂ ಮೇಲೆಯೇ ನಿಲ್ಲುತ್ತದೆ.

ಏರಿದ ಜೆವಿಪಿಯೆಲ್ಲವೂ ಬಲ ಹೃದಯದ ಸೋಲಲ್ಲ. ಮೂತ್ರಪಿಂಡ ಕೆಲಸ ನಿಲ್ಲಿಸಿ ನೀರು ತುಂಬಿಕೊಂಡಾಗ, ಹೃದಯದ ಹೊರಚೀಲ ಬಿಗಿದಾಗ ಅಥವಾ ಆ ಚೀಲದಲ್ಲಿ ನೀರು ತುಂಬಿದಾಗಲೂ ಅದು ಏರುತ್ತದೆ. ರಕ್ತನಾಳ ಉಬ್ಬಿದ್ದೂ ಮಿಡಿಯದೇ ಇದ್ದರೆ ಎದೆಯೊಳಗೆ ಸುಪೀರಿಯರ್ ವೀನಾ ಕೇವಕ್ಕೆ ತಡೆಯಾಗಿದೆಯೇ ಎಂದು ಯೋಚಿಸಬೇಕು. ದಪ್ಪ ಕುತ್ತಿಗೆಯವರಲ್ಲಿ ಏನೂ ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಿರಿ. ‘ಸಹಜ’ ಎಂದು ಬರೆದರೆ ಮುಂದೆ ನೋಡುವ ವೈದ್ಯರ ದಾರಿ ತಪ್ಪುತ್ತದೆ.

ಆ ಹೆಂಗಸಿಗೆ ಫ್ಯೂರೋಸೆಮೈಡ್ ಕೊಟ್ಟ ನಾಲ್ಕನೆಯ ದಿನ ಎತ್ತರ 4 ಸೆಂ.ಮೀ.ಗೆ ಇಳಿದಿತ್ತು, ಕಾಲಿನ ಗುಳಿ ಮಾತ್ರ ಇನ್ನೂ ಉಳಿದಿತ್ತು. ವಿದ್ಯಾರ್ಥಿನಿ ಈ ಬಾರಿ ಎತ್ತರದ ಪಕ್ಕದಲ್ಲಿ ರೋಗಿಯನ್ನು ಒರಗಿಸಿದ್ದ ಕೋನವನ್ನೂ ಬರೆದಿದ್ದಳು.