ಪಿಡಿಎಫ್‌ಗೆ ಬೀಗ ಬೇಡ, ಹೆಸರು ಸಾಕು: ಅಡಿಕೆ ಪ್ಲಾನರ್ ಮಾರಿದ ನನ್ನ ಅನುಭವ

ಶಿರಸಿ ಕಡೆಯ ಬೆಳೆಗಾರರಿಗೆಂದು ಅಡಿಕೆ ತೋಟದ ವರ್ಷದ ಪ್ಲಾನರ್ ಮಾಡಿ ಪಿಡಿಎಫ್‌ನಲ್ಲಿ ಮಾರುತ್ತಿದ್ದೇನೆ. ಎ4 ಅಳತೆ, ಅರವತ್ತರ ಆಸುಪಾಸು ಪುಟ, ಬೆಲೆ ₹149. ಕೊಳೆ ಮದ್ದಿನ ಸುತ್ತು, ಕೊನೆಗೌಡನ ಸಂಬಳ, ಸುಲಿಯುವವರ ಲೆಕ್ಕ, ರಾಶಿ, ಚಾಲಿ, ಬಿಳೆಗೋಟು ಬೇರೆ ಬೇರೆಯಾಗಿ ತೂಕ ಮತ್ತು ದರ, ಎಲ್ಲಕ್ಕೂ ಪುಟಗಳಿವೆ. "ಲಾಕ್ ಇಲ್ದೆ ಮಾರಿರೆ ಒಬ್ಬ ತಗಂಡು ಊರಿಗೆಲ್ಲ ಹಂಚ್ತ, ನೋಡ್ತಾ ಇರು" ಎಂದವರೇ ಹೆಚ್ಚು. ಈಗ ಲಾಕ್ ಇಲ್ಲದೆಯೇ ಮಾರಾಟ ನಡೆಯುತ್ತಿದೆ, ಕಳೆದ ಹಂಗಾಮಿನಲ್ಲಿ ಇನ್ನೂರೈವತ್ತರ ಹತ್ತಿರ ಹೋಗಿದೆ.

ಡ್ರೈವ್ ಲಿಂಕ್ ಮೊದಲು ಕೈಕೊಟ್ಟಿತು. 'ಲಿಂಕ್ ಇದ್ದವರೆಲ್ಲ ನೋಡಬಹುದು' ಎಂದಿಟ್ಟರೆ ಆ ಲಿಂಕ್ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತದೆ. ಡೌನ್‌ಲೋಡ್ ಬಂದ್ ಮಾಡಿದರೆ ಕಾಸು ಕೊಟ್ಟವನಿಗೇ ಪ್ರಿಂಟ್ ತೆಗೆಯಲು ಆಗುವುದಿಲ್ಲ. ಸೋರಿಕೆ ಗೊತ್ತಾಗುವುದು ಫೋನಿನಿಂದ: "ಮದ್ದಿನ ಪುಟದಲ್ಲಿ ಮೂರನೇ ಕಾಲಂ ಎಂತಕ್ಕೆ?" ಎಂದು ಕೇಳುವವರ ಹೆಸರು ನಮ್ಮ ಮಾರಾಟದ ಪಟ್ಟಿಯಲ್ಲೇ ಇರುವುದಿಲ್ಲ.

ಪಾಸ್‌ವರ್ಡ್ ಇನ್ನೂ ಕಷ್ಟ. ಪ್ರಿಂಟ್, ಕಾಪಿ ತಡೆಯುವ ಪಾಸ್‌ವರ್ಡನ್ನು `qpdf --decrypt` ಒಂದೇ ಏಟಿಗೆ ತೆಗೆದುಹಾಕುತ್ತದೆ. ತೆರೆಯಲೇ ಕೇಳುವ ಪಾಸ್‌ವರ್ಡ್ ಇಟ್ಟರೆ ಫೈಲಿನ ಜತೆ ಅದೂ ಫಾರ್ವರ್ಡ್ ಆಗುತ್ತದೆ. ನಮ್ಮಲ್ಲಿ ಮನೆಯಲ್ಲಿ ಪ್ರಿಂಟರ್ ಇರುವವರು ಕಡಿಮೆ. ಗಿರಾಕಿ ಫೈಲನ್ನು ಪೇಟೆಯ ಜೆರಾಕ್ಸ್ ಅಂಗಡಿಯ ನಂಬರಿಗೆ ಕಳಿಸುತ್ತಾನೆ, ಅಲ್ಲಿ ತೆರೆಯದಿದ್ದರೆ ಅಂಗಡಿಯಿಂದಲೇ ನಮಗೆ ಫೋನ್. ನಿಜವಾದ ಸೋರಿಕೆ ಇರುವುದೂ ಅಲ್ಲೇ. ಫೈಲ್ ಆ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಮುಂದಿನವರು ಕೇಳಿದರೆ ಪ್ರಿಂಟಿನ ದುಡ್ಡಿಗೇ ಸಿಗುತ್ತದೆ.

ಆದ್ದರಿಂದ ಪ್ರತಿ ಪ್ರತಿಯಲ್ಲೂ ಕೊಂಡವರ ಹೆಸರು, ಊರು, ಆರ್ಡರ್ ನಂಬರ್ ಹಾಕಿಯೇ ಕೊಡುತ್ತೇನೆ. ಅಂಚಿನಲ್ಲಿ ಅಡ್ಡ ಮುದ್ರೆಯಾಗಿ ಅಲ್ಲ, ಪ್ರತಿ ಪುಟದ ತಲೆಯಲ್ಲಿ 'ತೋಟದ ಯಜಮಾನರು' ಎಂಬ ಸಾಲಿನ ಮುಂದೆ. ಕೊಂಡವರಿಗೆ ಅದು ತಮ್ಮದೇ ಪುಸ್ತಕ ಅನಿಸುತ್ತದೆ. ಬೇರೆಯವರ ಯಜಮಾನಿಕೆ ಬರೆದ ಪುಸ್ತಕದಲ್ಲಿ ತನ್ನ ತೋಟದ ಲೆಕ್ಕ ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಅಂಚಿನಲ್ಲಿ ಹಾಕಿದರೆ ಕತ್ತರಿಸಿಬಿಡುತ್ತಾರೆ.

ಕನ್ನಡದ ಹೆಸರಿಗೆ ಒಂದು ತೊಡಕಿದೆ. ಪೈಥಾನ್‌ನ ಸಾಮಾನ್ಯ ಪಿಡಿಎಫ್ ಸಾಧನಗಳಲ್ಲಿ ಒತ್ತಕ್ಷರ ಕೂಡಿಕೊಳ್ಳದೆ 'ಲಕ್ಷ್ಮೀ' ಬಿಡಿಬಿಡಿಯಾಗಿ ಬೀಳಬಹುದು. ಲಿಬ್ರೆ ಆಫೀಸ್ ಸರಿಯಾಗಿ ಕೂಡಿಸುತ್ತದೆ. ಖಾಲಿ ಎ4 ಪುಟದಲ್ಲಿ ಹೆಸರಿನ ಜಾಗದಲ್ಲಿ @HESARU@ ಎಂದು ಬರೆದು `mudre.fodt` ಆಗಿ ಉಳಿಸಿ, ಹಿನ್ನೆಲೆ ಬಣ್ಣ ಬೇಡ. ಆ ಪದವನ್ನು ಒಂದೇ ಉಸಿರಿಗೆ ಟೈಪ್ ಮಾಡಬೇಕು; ನಡುವೆ ತಿದ್ದಿದರೆ ಒಳಗೆ ತುಂಡಾಗಿ, ಹುಡುಕಿದಾಗ ಸಿಗದೆ ಹೋಗಬಹುದು.

```
sed "s/@HESARU@/$1/" mudre.fodt > m.fodt
soffice --headless --convert-to pdf m.fodt
qpdf planner.pdf --overlay m.pdf --repeat=1 -- "$2.pdf"
```

`$1` ಎಂದರೆ ಹೆಸರು, ಊರು, ಆರ್ಡರ್ ನಂಬರ್ ಇರುವ ಇಡೀ ಸಾಲು, `$2` ಎಂದರೆ ಫೈಲಿಗೆ ಹೆಸರಾಗುವ ಆರ್ಡರ್ ನಂಬರ್. ಹೆಸರಿನ ಸಾಲಿನಲ್ಲಿ '4/2' ಥರದ ಓರೆಗೆರೆ ಬಂದರೆ `sed` ನಿಂತುಬಿಡುತ್ತದೆ, ಅಡ್ಡಗೆರೆ ಹಾಕಿ. ಆಮೇಲೆ `pdffonts` ಓಡಿಸಿ `emb` ಕಾಲಂನಲ್ಲಿ ಎಲ್ಲಕ್ಕೂ `yes` ಇದೆಯೇ ನೋಡಿ; ಇಲ್ಲದಿದ್ದರೆ ಜೆರಾಕ್ಸ್ ಅಂಗಡಿಯಲ್ಲಿ ಅಕ್ಷರ ಬದಲು ಚೌಕ ಬರುವ ಸಾಧ್ಯತೆ ಇದೆ. ಈ ಮುದ್ರೆ ಬೇರೆ ಪದರವಾಗಿ ಕೂರುವುದರಿಂದ ಪಿಡಿಎಫ್ ಬಲ್ಲವನು ಕಿತ್ತು ತೆಗೆಯಬಹುದು. ಅದಕ್ಕಾಗಿ ಪ್ರತಿ ಪ್ರತಿಯಲ್ಲೂ ಬೇರೆಯಾಗುವ ಇನ್ನೊಂದು ಗುರುತು ಇಟ್ಟಿದ್ದೇನೆ. ಅದು ಎಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ.

ತಲುಪಿಸುವುದು ವಾಟ್ಸಾಪ್‌ನಲ್ಲಿ, ಡಾಕ್ಯುಮೆಂಟ್ ಆಗಿ. ಗೆರೆ ಮತ್ತು ಅಕ್ಷರಗಳಷ್ಟೇ ಇರುವುದರಿಂದ ಫೈಲ್ ಎರಡು ಎಂಬಿ ದಾಟುವುದಿಲ್ಲ. ಪುಟಗಳನ್ನು ಚಿತ್ರವಾಗಿ ಹೊರತೆಗೆದರೆ ಅದೇ ನಲವತ್ತಕ್ಕೆ ಹೋಗುತ್ತದೆ, ಜಿಮೇಲ್‌ನ 25 ಎಂಬಿ ಮಿತಿಯಲ್ಲಿ ಹಿಡಿಸುವುದಿಲ್ಲ. ಜತೆಗೆ ಒಂದು ಸಾಲು ಕಳಿಸುತ್ತೇನೆ: ಪ್ರಿಂಟ್ ಹೊಡೆಯುವಾಗ 'ಆಕ್ಚುಯಲ್ ಸೈಜ್' ಇಡಲು ಹೇಳಿ. 'ಫಿಟ್' ಇಟ್ಟರೆ ಪುಟ ಕುಗ್ಗಿ, ತೂಕ ಬರೆಯುವ ಕಾಲಂ ಇಕ್ಕಟ್ಟಾಗುತ್ತದೆ. ಫೋನ್ ಕಳೆದುಕೊಂಡವರಿಗೆ ಅದೇ ಆರ್ಡರ್ ನಂಬರಿನ ಫೈಲನ್ನೇ ಮತ್ತೆ ಕಳಿಸುತ್ತೇನೆ, ಹೊಸದು ಮಾಡುವುದಿಲ್ಲ.

ಹಣದ ಲೆಕ್ಕ: ಪೇಮೆಂಟ್ ಗೇಟ್‌ವೇ ಶೇ. 2 ಮತ್ತು ಅದರ ಮೇಲೆ ಜಿಎಸ್‌ಟಿ ಹಿಡಿದರೆ ₹149ರಲ್ಲಿ ಮೂರೂವರೆ ರೂಪಾಯಿ ಹೋಗುತ್ತದೆ. ನೇರ ಯುಪಿಐನಲ್ಲಿ ಅದೂ ಉಳಿಯುತ್ತದೆ, ಆದರೆ ಸ್ಕ್ರೀನ್‌ಶಾಟ್ ನಂಬದೆ ಖಾತೆಗೆ ಬಂದದ್ದನ್ನೇ ನೋಡಬೇಕು.

ಗೂಗಲ್ ಶೀಟ್‌ನಲ್ಲೂ ಇದನ್ನೇ ಮಾಡಿ ನೋಡಿದೆ. ಲಿಂಕಿನ ಕೊನೆಯ `/edit` ಬದಲು `/copy` ಹಾಕಿದರೆ ಗಿರಾಕಿಗೆ ಸ್ವಂತ ನಕಲು ಸಿಗುತ್ತದೆ, ಆದರೆ ಶೀಟಿನಲ್ಲಿ ಹೆಸರು ಅಳಿಸುವುದು ಒಂದು ಕ್ಷಣದ ಕೆಲಸ. ಅದನ್ನು ಪ್ಲಾನರ್ ಕೊಂಡವರಿಗೆ ಪುಕ್ಕಟೆಯಾಗಿಯೇ ಕೊಡುತ್ತೇನೆ.

ತಾರೀಕು ಹಾಕಿದ ಪ್ಲಾನರ್ ಆದ್ದರಿಂದ ಕದ್ದ ಪ್ರತಿಗೂ ಆಯುಷ್ಯ ಒಂದೇ ವರ್ಷ. ಏಪ್ರಿಲ್‌ನಿಂದ ಹೊಸ ಲೆಕ್ಕ. ಹಳೆಯ ಗಿರಾಕಿಗಳಿಗೆ ಮಾರ್ಚ್ ಕೊನೆಯ ವಾರ ₹79ಕ್ಕೆ ಹೊಸ ವರ್ಷದ್ದು ಕಳಿಸುತ್ತೇನೆ. ಹೆಸರು ಮೊದಲೇ ಇರುತ್ತದೆ, ಅರ್ಧಕ್ಕಿಂತ ಹೆಚ್ಚು ಮಂದಿ ಕೇಳದೆಯೇ ಹಣ ಹಾಕುತ್ತಾರೆ.