ಆರು ವರ್ಷದ ಅಡ್ವಾನ್ಸ್‌ಗೆ ಬಡ್ಡಿ ವಸೂಲಿ ಮಾಡಿದ ಲೆಕ್ಕ

ಮನೆ ಖಾಲಿ ಮಾಡುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ಬಂದರೇ ಪುಣ್ಯ, ಅದರ ಮೇಲೆ ಬಡ್ಡಿ ಬೇರೆ ಕೇಳ್ತೀಯಾ ಎಂದು ನಕ್ಕವರೇ ಜಾಸ್ತಿ. ಬಡ್ಡಿ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೈಗೆ ಸಿಕ್ಕ ಆಯುಧ ಒಂದೇ ಸಾಲು. ಡಿಪಾಸಿಟ್ ಹಣವನ್ನು ಉಳಿತಾಯ ಖಾತೆಯಲ್ಲಿ ಇಟ್ಟು, ಬ್ಯಾಂಕಿನ ಆಯಾ ವರ್ಷದ ದರದಲ್ಲಿ ಬಡ್ಡಿಯನ್ನು ವರ್ಷಕ್ಕೊಮ್ಮೆ ಅಸಲಿಗೆ ಸೇರಿಸಬೇಕು ಎಂದು ಬಾಡಿಗೆ ಕರಾರಿನಲ್ಲಿ ಇತ್ತು. ಕೆಲವು ಕಡೆ ಕಾನೂನೇ ಇದನ್ನು ಹೇಳುತ್ತದೆ. ಜರ್ಮನಿಯಲ್ಲಿ ಬಡ್ಡಿ ಬಾಡಿಗೆದಾರನದ್ದು, ಅದು ಡಿಪಾಸಿಟ್‌ಗೇ ಸೇರುತ್ತಾ ಹೋಗುತ್ತದೆ. ಕಾನೂನೂ ಇಲ್ಲ, ಕರಾರೂ ಇಲ್ಲ ಅಂದರೆ ಇಟ್ಟ ವರ್ಷಗಳಿಗೆ ಬಡ್ಡಿ ಕೇಳಿ ಗೆಲ್ಲುವುದು ಕಷ್ಟ.

ಮೊದಲು ಒಬ್ಬ ಸ್ನೇಹಿತರು ಹೇಳಿಕೊಟ್ಟಂತೆ ಹೋದೆ. ಕೊಟ್ಟಿದ್ದ ಒಟ್ಟು ಅಡ್ವಾನ್ಸ್ 1,20,000ಕ್ಕೆ ಶೇ. 4ರಂತೆ ಆರು ವರ್ಷಕ್ಕೆ ಒಂದೇ ಅಂಕಿ: 28,800. ಓನರ್ ನೋಡಿದ ತಕ್ಷಣ ಎರಡು ತಪ್ಪು ಹಿಡಿದರು. 20,000 ಎರಡು ವರ್ಷ ಆದಮೇಲೆ ಕೊಟ್ಟದ್ದು, ದರವೂ ನಡುವೆ ಇಳಿದಿತ್ತು. ಎರಡು ತಪ್ಪು ಸಿಕ್ಕಿದ ಮೇಲೆ ಇಡೀ ಲೆಕ್ಕವೇ ಸುಳ್ಳು ಎಂದು ಪಕ್ಕಕ್ಕೆ ತಳ್ಳಿದರು. ಆಮೇಲೆ ಎಷ್ಟು ಫೋನ್ ಮಾಡಿದರೂ ಸುಮ್ನೆ ಬಾಯಿಮಾತು.

ಆಮೇಲೆ ವರ್ಷಕ್ಕೊಂದು ಸಾಲಿನಂತೆ ಪಟ್ಟಿ ಮಾಡಿದೆ. ಅಸಲು, ಆ ವರ್ಷದ ದರ, ಬಡ್ಡಿ, ವರ್ಷದ ಕೊನೆಯ ಬಾಕಿ. 1,00,000ಕ್ಕೆ ಮೊದಲ ಎರಡು ವರ್ಷ ಶೇ. 4 ಇತ್ತು, ಬಾಕಿ 1,08,160 ಆಯಿತು. ಅಲ್ಲಿಗೆ 20,000 ಸೇರಿಸಿದೆ. ಮುಂದಿನ ಎರಡು ವರ್ಷ ಶೇ. 3, ಕೊನೆಯ ಎರಡು ವರ್ಷ ಶೇ. 3.5. ಕೊನೆಗೆ ಬಾಕಿ ನಿಂತದ್ದು ಸುಮಾರು 1,45,650. ಅಂದರೆ ಬಡ್ಡಿ 25,650ರ ಹತ್ತಿರ. ಮೊದಲು ಕೇಳಿದ್ದಕ್ಕಿಂತ ಮೂರು ಸಾವಿರ ಕಡಿಮೆ, ಆದರೆ ಅಲ್ಲಾಡಿಸಲು ಆಗದ ಅಂಕಿ. ಹಣ ಕೊಟ್ಟ ಎರಡೂ ದಿನಗಳ ಪಾಸ್‌ಬುಕ್ ನಕಲು, ಕರಾರಿನ ಆ ಪುಟ, ಬ್ಯಾಂಕಿನ ದರಪಟ್ಟಿ ಜೊತೆಗಿಟ್ಟು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಹಳೆಯ ವರ್ಷಗಳ ದರಪಟ್ಟಿ ಬ್ಯಾಂಕಿನವರಿಂದ ಹೇಗೆ ಹೊರಡಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಈ ಸಲ ಓನರ್ ಸೊನ್ನೆಯಿಂದ ನೇರವಾಗಿ 21,900ಕ್ಕೆ ಬಂದರು! ಆದರೂ 3,700ರಷ್ಟು ವ್ಯತ್ಯಾಸ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡೆ. ಪಟ್ಟಿಯನ್ನು ನಾಲ್ಕಾರು ಥರ ಬದಲಿಸಿ ನೋಡಿದಾಗ ಗೊತ್ತಾಯಿತು. ಒಂದು, ಅವರದ್ದು ಸರಳ ಬಡ್ಡಿ. ಅದರಿಂದಲೇ ಎರಡು ಸಾವಿರ ಹೋಗಿತ್ತು. ಕರಾರಿನಲ್ಲಿ ‘ಅಸಲಿಗೆ ಸೇರಿಸಬೇಕು’ ಎಂದಿದೆಯಲ್ಲ ಎಂದು ತೋರಿಸಿದ ಮೇಲೆ ಅದನ್ನು ಒಪ್ಪಿದರು.

ಎರಡನೆಯದು ಸ್ವಲ್ಪ ಚಾಲಾಕಿ. ಪೇಂಟಿಂಗ್‌ಗೆ 8,000 ಕಳೆಯುವುದಕ್ಕೆ ನಾನು ಒಪ್ಪಿದ್ದೆ. ಅವರು ಅದನ್ನು ಮೊದಲ ದಿನದ ಅಸಲಿನಿಂದಲೇ ಕಳೆದು, ಉಳಿದದ್ದಕ್ಕೆ ಮಾತ್ರ ಆರು ವರ್ಷದ ಬಡ್ಡಿ ಹಾಕಿದ್ದರು. ಪೇಂಟ್ ಆದದ್ದು ನಾನು ಮನೆ ಬಿಟ್ಟಮೇಲೆ. ಆ 8,000 ಆರು ವರ್ಷ ಅವರ ಹತ್ತಿರವೇ ಇತ್ತು ಅಲ್ವಾ? ಆರು ವರ್ಷದ ದರ ಕೂಡಿದರೆ ಶೇ. 21, ಅಂದರೆ 1,680 ಅಲ್ಲೇ ನುಂಗಿಹೋಗಿತ್ತು. ಖರ್ಚು ಯಾವ ದಿನ ಬಂತೋ ಆ ದಿನವೇ ಕಳೆಯಬೇಕು ಎಂದು ಹಿಡಿದು ಕೂತೆ. ಇದಕ್ಕೆ ವಕೀಲರು ಬೇಕಾಗುತ್ತೆ ಎಂದು ಪಕ್ಕದ ಮನೆಯವರು ಭವಿಷ್ಯ ನುಡಿದಿದ್ದರು. ಬೇಕಾಗಲಿಲ್ಲ. ನನಗೆ ಖರ್ಚಾದದ್ದು ಜೆರಾಕ್ಸ್, ಪೋಸ್ಟ್ ಅಷ್ಟೇ.

ಕೊನೆಗೆ 8,000 ಕಳೆದು 1,37,600 ಚಿಲ್ಲರೆ ಖಾತೆಗೆ ಬಂತು. ಮನೆ ಬಿಟ್ಟು ಎರಡು ತಿಂಗಳ ಮೇಲೆ. ಆ ತಡಕ್ಕೂ ಶೇ. 3.5ರಂತೆ ದಿನಕ್ಕೆ 13ರ ಲೆಕ್ಕದಲ್ಲಿ ಎಂಟುನೂರರಷ್ಟು ಕೇಳಿದೆ. ಕೊಡಲಿಲ್ಲ. ಅಷ್ಟಕ್ಕೆ ಜಗಳ ಬೇಡ ಎಂದು ನಾನೂ ಬಿಟ್ಟೆ.

ಇದೇ ಪಟ್ಟಿಯನ್ನು ಭವಿಷ್ಯ ನುಡಿದ ಆ ಪಕ್ಕದ ಮನೆಯವರ ಕೇಸಿಗೂ ಹಾಕಿ ನೋಡಿದೆ. ಅವರ ಕರಾರಿನಲ್ಲಿ ‘ಬಡ್ಡಿರಹಿತ ಡಿಪಾಸಿಟ್’ ಎಂದೇ ಬರೆದಿತ್ತು. ವರ್ಷಗಳ ಬಡ್ಡಿ ಅಲ್ಲಿಗೇ ಮುಗಿಯಿತು. ಈಗ ಹಣ ವಾಪಸ್ ಕೊಡಬೇಕಾದ ದಿನಾಂಕ ಹಾಕಿ ನೋಟಿಸ್ ಕಳಿಸಿ, ಅಲ್ಲಿಂದ ಮುಂದಿನ ತಡಕ್ಕೆ ಮಾತ್ರ ಬಡ್ಡಿ ಕೇಳಿದ್ದಾರೆ. ಓನರ್ ಉತ್ತರ ಇನ್ನೂ ಬಂದಿಲ್ಲ.