ಕೊಡೆಯ ಅರ್ಧ ಜಾಗ

ನನ್ನ ಹತ್ತಿರ ಜಪಾನಿ ಕಲಿಯುವ ಇಂಜಿನಿಯರ್ ಹುಡುಗನ ಗೆಳತಿ ಒಸಾಕಾದಲ್ಲಿದ್ದಾಳೆ. ಇಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲೇ. ಅವಳಿಗೆ ಏಪ್ರಿಲ್‌ನಲ್ಲಿ ಕಳಿಸಲು ಒಂದು ಹೈಕು ಬೇಕೆಂದು ಬಂದವನು, ಮನಸ್ಸಿನಲ್ಲಿದ್ದುದನ್ನು ಇಂಗ್ಲಿಷಿನಲ್ಲೇ ಬರೆದು ತಂದಿದ್ದ: ಮಳೆಯಲ್ಲಿ ನಡೆವಾಗ ನೀನಿಲ್ಲದ್ದು ತುಂಬ ಕಾಡುತ್ತದೆ, ಈಗಲೂ ಕೊಡೆಯಡಿ ನಿನಗೆ ಜಾಗ ಬಿಟ್ಟೇ ನಡೆಯುತ್ತೇನೆ.

ಜೊತೆಗೆ ತಾನೇ ಮಾಡಿದ ಒಂದು ಪ್ರಯತ್ನವೂ ಇತ್ತು: 'ಅಮೆ ನೊ ಹಿ ವ / ಅನತ ಗ ಇನಇ / ಸಬಿಶಿಸ ಯೊ'. ಮಳೆಯ ದಿನ, ನೀನಿಲ್ಲದ ಒಂಟಿತನ ಎಂದರ್ಥ. ಹೈಕುವಿನ ಮೂರು ಸಾಲಿಗೆ ಬೇಕಾದ ಐದು, ಏಳು, ಐದು ಉಚ್ಚಾರಗಳ ಎಣಿಕೆ ಸರಿಯಾಗಿಯೇ ಕೂತಿದೆ. ಆದರೆ ಒಂಟಿತನವನ್ನು ಹೆಸರಿಟ್ಟು ಹೇಳಿದ ಮೇಲೆ ಓದುವವಳಿಗೆ ಉಳಿದದ್ದೇನು? ಅವನ ಬರಹದಲ್ಲಿ ನನಗೆ ಬೇಕಾದದ್ದು ಕೊನೆಯ ತುಂಡು, ಆ ಕೊಡೆ. ಜಪಾನಿನಲ್ಲಿ ಒಂದೇ ಕೊಡೆಯಡಿ ಇಬ್ಬರು ನಡೆಯುವುದಕ್ಕೆ 'ಅಇಅಇಗಸ' ಎನ್ನುತ್ತಾರೆ. ಪ್ರೇಮಿಗಳನ್ನು ಗೇಲಿ ಮಾಡಲು ಮಕ್ಕಳು ಕೊಡೆಯ ಚಿತ್ರ ಬರೆದು ಅದರಡಿ ಎರಡು ಹೆಸರು ಗೀಚುತ್ತಾರೆ. ಕೊಡೆ ಬಂದರೆ ಸಾಕು, ಪ್ರೀತಿಯನ್ನು ಬೇರೆಯಾಗಿ ಹೇಳಬೇಕಿಲ್ಲ. 'ನಾನು', 'ನೀನು' ಎರಡನ್ನೂ ತೆಗೆದೆ. ಜಪಾನಿ ವಾಕ್ಯ ಅವಿಲ್ಲದೆಯೂ ನಿಲ್ಲುತ್ತದೆ.

ಆಮೇಲೆ ಹೈಕುವಿನಲ್ಲಿ ಇರಬೇಕಾದ ಋತುವಿನ ಪದ. ಅವನು ನೆನೆಯುತ್ತಿದ್ದುದು ಬೆಂಗಳೂರಿನ ಏಪ್ರಿಲ್ ಸಂಜೆಯ ಗುಡುಗುಮಳೆ. ಅದಕ್ಕೆ ಹತ್ತಿರದ್ದು 'ಯೂದಚಿ', ಆದರೆ ಹೈಕುವಿನಲ್ಲಿ ಅದು ಬೇಸಿಗೆಯ ಪದ. ಸಾಲದ್ದಕ್ಕೆ ಆ ಮಳೆಗೆ ಜನ ಓಡಿ ಸೂರು ಹಿಡಿಯುತ್ತಾರೆ, ಕೊಡೆ ಹಿಡಿದು ಯಾರನ್ನೋ ನೆನೆಯುತ್ತ ನಡೆಯುವುದಿಲ್ಲ. ಓದುವವಳ ಮಳೆಯನ್ನೇ ಆರಿಸಿದೆ: 'ಹರುಸಮೆ', ವಸಂತದ ಸಣ್ಣ ಸೋನೆ. (ಗಾಜಿನಂತೆ ಕಾಣುವ ಒಂದು ಬಗೆಯ ಶಾವಿಗೆಗೂ ಇದೇ ಹೆಸರು, ಇಲ್ಲಿ ಯಾರೂ ಹಾಗೆ ಓದಲಾರರು.) ಅದಕ್ಕೆ 'ಯ' ಸೇರಿಸಿದರೆ ಐದಾಗುತ್ತದೆ, ಜೊತೆಗೆ ಕವಿತೆ ಅಲ್ಲಿ ಒಂದು ಕ್ಷಣ ತಡೆದು ನಿಲ್ಲುತ್ತದೆ.

ಹರುಸಮೆ ಯ
ಕಸ ನೊ ಹಂಬುನ್
ಅಕೆತೆ ಅರು

ವಸಂತದ ಸೋನೆ, ಕೊಡೆಯ ಅರ್ಧ ಖಾಲಿ ಬಿಟ್ಟಿದೆ. 'ಕಸ' ಅಂದರೆ ಕೊಡೆ, ನಗಬೇಡಿ.

ಎಣಿಕೆಗೆ ನಮ್ಮ ಮಾತ್ರೆ ಚೆನ್ನಾಗಿ ಒದಗುತ್ತದೆ. 'ಹಂಬುನ್' ಎರಡು ಗುರು, ನಾಲ್ಕು ಮಾತ್ರೆ. ಜಪಾನಿಯರೂ ನಾಲ್ಕೆಂದೇ ಎಣಿಸುತ್ತಾರೆ. ದೀರ್ಘಕ್ಕೂ ಒತ್ತಿಗೂ ಹಾಗೆಯೇ. ತಪ್ಪುವುದು 'ತ್ಸು', 'ಕ್ಯ' ಬಂದಾಗ: 'ನತ್ಸು' ನಮಗೆ ಮೂರು, ಅವರಿಗೆ ಎರಡೇ.

ಕೊನೆಯ ಸಾಲಿಗೆ ಹುಡುಗ 'ಅಕೆತೆ ಮತ್ಸು' ಎಂದು ಕೇಳಿದ, ಖಾಲಿ ಬಿಟ್ಟು ಕಾಯುವೆ ಎಂದು. ಅದೂ ಐದೇ, ವ್ಯಾಕರಣವೂ ಸರಿ. ನಾನು ಒಪ್ಪಲಿಲ್ಲ. 'ಅರು' ಎಂದಾಗ ಯಾರೋ ಬೇಕೆಂದೇ ಜಾಗ ಬಿಟ್ಟಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ಕಾಯುತ್ತಿದ್ದಾನೆಂಬುದನ್ನು ಅವಳೇ ಊಹಿಸಲಿ ಎಂದೆ. ಸ್ವಲ್ಪ ವಾದಿಸಿದ, ಆಮೇಲೆ ಜಪಾನಿ ರೂಢಿಯಂತೆ ಮೂರನ್ನೂ ಒಂದೇ ಉದ್ದ ಸಾಲಾಗಿ ಮೇಲಿಂದ ಕೆಳಕ್ಕೆ ಬರೆದುಕೊಂಡು ಹೋದ.